ಅಳತೆ ಪುಸ್ತಕದಲ್ಲೊಂದು ಹಲ್ಲು

ಬೀದಿಯ ಜನ ಅವಳನ್ನು ಕರೆಯುತ್ತಿದ್ದದ್ದು ಕಾಲಿಂಚಕ್ಕ ಅಂತ. ಹೊಲಿಗೆ ಅಂಗಡಿಯ ಬೋರ್ಡಿನಲ್ಲಿ ಬೇರೆ ಹೆಸರಿತ್ತು, ಬಿಸಿಲಿಗೆ ಮಾಸಿ ಅದನ್ನು ಓದುವವರೇ ಇರಲಿಲ್ಲ. ಯಾರಾದರೂ ಪ್ಯಾಂಟು ತಂದು "ಸುಮಾರಾಗಿ ಅರ್ಧ ಇಂಚು ಮಡಚಿ ಹೊಲೀರಿ" ಅಂದರೆ ಸಾಕು, ಮೂಗಿನ ತುದಿ ಕೆಂಪಾಗುತ್ತಿತ್ತು. "ಸುಮಾರು ಅನ್ನೋದು ಈ ಟೇಪಲ್ಲಿ ಎಲ್ಲಿದೆ, ತೋರ್ಸಿ ನೋಡೋಣ" ಅನ್ನುತ್ತಿದ್ದಳು. ಮೂವತ್ತೊಂದು ವರ್ಷದಿಂದ ಟೇಪು ಅವಳ ಕೊರಳು ಬಿಟ್ಟು ಇಳಿದಿರಲಿಲ್ಲ. ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು, ದಿನಕ್ಕೆ ನೂರು ಸಲ ದಾರ ಕಚ್ಚಿ ತುಂಡು ಮಾಡಿದ್ದರ ಗುರುತು. ಕತ್ತರಿ ಕೈಗೆಟುಕುವಲ್ಲೇ ಇರುತ್ತಿತ್ತು, ಆದರೆ ಹಲ್ಲು ಅದಕ್ಕಿಂತ ಹತ್ತಿರ.

ಅಂಗಡಿಯ ಎರಡನೆಯ ಮಿಷನ್ನು ತಂಗಿಯದು. ಕಾಜ, ಗುಂಡಿ, ಅಂಚು ಎಲ್ಲಾ ಅವಳ ಪಾಲು. ಎರಡು ತಿಂಗಳಿಂದ ತಂಗಿಯ ಎಡಗೆನ್ನೆ ಊದುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಊದುತ್ತಿತ್ತು. ಅವಳು ಬಲಗಡೆಯಲ್ಲೇ ಅಗಿಯುತ್ತಾ, ನೋವಿನ ಮಾತ್ರೆಯ ಖಾಲಿ ಹಾಳೆಗಳನ್ನು ಗುಂಡಿ ಡಬ್ಬಿಯ ತಳಕ್ಕೆ ತುರುಕುತ್ತಿದ್ದಳು. ಅಕ್ಕನಿಗೆ ಗೊತ್ತಾಗುವುದಿಲ್ಲವೆಂದು ಅವಳ ಲೆಕ್ಕ. ಆ ಸೋಮವಾರ ಔಷಧಿ ಅಂಗಡಿಯವನೇ ಆಗಲ್ಲವೆಂದು ಕೈಯಾಡಿಸಿಬಿಟ್ಟ. "ಇನ್ನು ಮಾತ್ರೆ ಕೊಡಲ್ಲ ತಾಯಿ. ಒಳಗೆ ಕೀವಾಗಿದೆ. ಅದು ಕುತ್ತಿಗೆಗೆ ಇಳಿದ್ರೆ ಆಮೇಲೆ ಹಲ್ಲಿನ ಮಾತಲ್ಲ, ಜೀವದ ಮಾತು."

ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿಲ್ಲ ಅಂದಳು ತಂಗಿ. ಯಾಕೆಂದು ಅಕ್ಕ ಕೇಳಲಿಲ್ಲ. ಕೇಳುವ ಮುಖ ಅವಳಿಗಿರಲಿಲ್ಲ.

ತಂಗಿಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು ಇದ್ದಾಗಿನ ಮಾತು. ಮರದ ಕುರ್ಚಿ, ಕಪ್ಪು ಕೋಟಿನ ಹಲ್ಲು ಕೀಳುವವ, ತಂಗಿಯ ಸುರಿಯುವ ಮೂಗು. "ಇರುವೆ ಕಚ್ಚಿದ ಹಾಗೆ ಅಷ್ಟೇ ಕಣೇ" ಅಂತ ನಂಬಿಸಿ ಕರೆದುಕೊಂಡು ಹೋದವಳು ಅಕ್ಕ. ಆಮೇಲೆ ತಂಗಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಅದುಮಿ ಹಿಡಿದುಕೊಂಡವಳೂ ಅವಳೇ. ದೊಡ್ಡವರು ಹಿಡಿ ಅಂದರು, ಹಿಡಿದಳು. ಅಂದಿನಿಂದ ಅಕ್ಕ ಏನಾದರೂ ಸಮಾಧಾನದ ಮಾತು ಹೇಳಿದರೆ ತಂಗಿ ಒಂದೇ ಪದ ಕೇಳುತ್ತಿದ್ದಳು, "ಇರುವೆನಾ?" ನಲವತ್ತು ವರ್ಷ ಕಳೆದರೂ ಆ ಇರುವೆ ಇಬ್ಬರ ನಡುವೆ ಓಡಾಡಿಕೊಂಡೇ ಇತ್ತು.

"ನನಗೂ ಒಂದು ಹುಳುಕು ಹಲ್ಲಿದೆ" ಅಂದಳು ಅಕ್ಕ. "ಮೊದಲು ನಾನು ಹೋಗಿ ಬರ್ತೀನಿ. ಟ್ರಯಲ್ ನೋಡಿ ಆಮೇಲೆ ನೀನು ಹೇಳು."

ತಂಗಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು, "ನಾಲ್ಕು ವಿಷಯ ನೋಡ್ಕೊಂಡು ಬಾ. ಏನು ಮಾಡ್ತೀವಿ ಅಂತ ಮೊದಲೇ ಹೇಳ್ತಾರಾ? ನೋವಾದ್ರೆ ನಿಲ್ಲಿಸ್ತಾರಾ? ಎಷ್ಟಾಗತ್ತೆ ಅಂತ ಬರೆದು ಕೊಡ್ತಾರಾ? ಇನ್ನೊಬ್ಬರ ಬಾಯಿಗೆ ಹಾಕಿದ್ದನ್ನ ತೊಳೀದೆ ನಮ್ಮ ಬಾಯಿಗೆ ಹಾಕ್ತಾರಾ?"

ಮಾರನೆಯ ಬೆಳಿಗ್ಗೆ ಅಕ್ಕ ಕ್ಲಿನಿಕ್ಕಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದಳು. ಗೋಡೆಯ ಬಣ್ಣ ತಿಳಿ ಹಸಿರು, ಮೀನಿನ ತೊಟ್ಟಿಯಲ್ಲಿ ಒಂದೇ ಒಂದು ಮೀನು. ಒಳಗಿನಿಂದ ಬರುತ್ತಿದ್ದ ಗುಂಯ್ ಎನ್ನುವ ಸದ್ದು ಎಲ್ಲೋ ಕೇಳಿದ್ದೇ ಅನಿಸಿತು. ಕಣ್ಣು ಮುಚ್ಚಿದರೆ ತನ್ನದೇ ಮಿಷನ್ನು ಗೋಡೆಯಾಚೆ ಯಾರೋ ತುಳಿಯುತ್ತಿದ್ದಾರೆ ಅನ್ನುವಷ್ಟು ಪರಿಚಯ.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಗುಂಡು ಕನ್ನಡಕ. ಅಕ್ಕ ಬಾಯಿ ತೆರೆದದ್ದೇ ತಡ, "ಟೈಲರಾ ನೀವು?" ಅಂದಳು.

"ಯಾರು ಹೇಳಿದ್ರು?"

"ನಿಮ್ಮ ಮುಂದಿನ ಹಲ್ಲು."

ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದಳು. ಕೆಳಗಿನ ಬಲಗಡೆಯ ದವಡೆ ಹಲ್ಲು, ಹುಳುಕು ಆಳಕ್ಕಿಳಿದಿದೆ, ಆದರೆ ನರಕ್ಕೆ ತಾಗಿದಂತೆ ಕಾಣುವುದಿಲ್ಲ. ಕೆರೆದು ತೆಗೆದು ತುಂಬಿದರೆ ಸಾಕಾಗಬಹುದು. ನರದವರೆಗೂ ಹೋಗಿದ್ದರೆ ರೂಟ್ ಕೆನಾಲು ಮಾಡಿ, ಮೇಲೆ ಕ್ಯಾಪು ಹಾಕಬೇಕು. ಒಂದು ಚೀಟಿಯಲ್ಲಿ ಎರಡೂ ದಾರಿಯ ಖರ್ಚನ್ನು ಬೇರೆ ಬೇರೆ ಬರೆದುಕೊಟ್ಟಳು. ಮೊದಲನೆಯದು ಒಂದು ಕೋಟು ಹೊಲಿದ ಕೂಲಿ, ಎರಡನೆಯದು ಏಳು ಕೋಟಿನದು. "ಮಧ್ಯದಲ್ಲಿ ಎರಡನೇದು ಬೇಕು ಅನಿಸಿದ್ರೆ ನಿಲ್ಲಿಸಿ ನಿಮ್ಮನ್ನ ಕೇಳ್ತೀನಿ. ಕೇಳದೆ ಮುಂದೆ ಹೋಗಲ್ಲ."

ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕದವಳು ಇವಳು ಎಂದು ಅಕ್ಕನಿಗೆ ಡಾಕ್ಟರ ಮೇಲೆ ತುಸು ಪ್ರೀತಿ ಬಂತು. ಆದರೂ ಕಣ್ಣು ಬಿಟ್ಟುಕೊಂಡೇ ಇದ್ದಳು. ಉಪಕರಣಗಳು ಅಂಟಿಸಿದ ಲಕೋಟೆಯಲ್ಲಿದ್ದವು. ಬಿಸಿ ಹಬೆಯಲ್ಲಿ ಬೆಂದು ಬಂದರೆ ಲಕೋಟೆಯ ಮೇಲಿನ ಪಟ್ಟಿ ಬಣ್ಣ ಬದಲಾಯಿಸುತ್ತದಂತೆ, ಅದನ್ನು ತೋರಿಸಿಯೇ ಹರಿದರು. ಸೂಜಿ ಹೊಸದು, ಲೋಟ ಹೊಸದು. ಡಾಕ್ಟರು ಕೈ ತೊಳೆದು ಗ್ಲೌಸು ಹಾಕಿಕೊಂಡಳು, ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಸದ್ದು ಮಾಡಿತು, ಅದೇ ಕೈಯಲ್ಲಿ ಅದನ್ನು ಸರಿಸಿದಳು.

"ಡಾಕ್ಟ್ರೇ, ಫೋನು ಮುಟ್ಟಿದ್ರಿ" ಅಂದಳು ಅಕ್ಕ.

ಡಾಕ್ಟರು ಒಂದು ಕ್ಷಣ ತನ್ನ ಕೈಯನ್ನೇ ನೋಡಿಕೊಂಡಳು. "ಹೌದು. ತಪ್ಪಾಯ್ತು" ಅಂದವಳೇ ಗ್ಲೌಸು ಬಿಚ್ಚಿ ಬುಟ್ಟಿಗೆ ಹಾಕಿ, ಮತ್ತೆ ಕೈ ತೊಳೆದು ಬೇರೆಯದು ಹಾಕಿಕೊಂಡಳು.

ವಸಡಿಗೆ ಏನೋ ತಂಪನೆಯ ಮುಲಾಮು ಹಚ್ಚಿ, ಆಮೇಲೆ ಸೂಜಿ. "ನೋವಾದ್ರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ" ಅಂದಳು. ಅರ್ಧ ತುಟಿ ಮೆಲ್ಲಗೆ ತನ್ನದಲ್ಲದಂತಾಯಿತು. ಕುರ್ಚಿ ಹಿಂದಕ್ಕೆ ಬಾಗಿತು. ಚಾವಣಿಯ ಬಿಳುಪು ಇಸ್ತ್ರಿ ಮಾಡಿದ ದೊಡ್ಡ ಬಟ್ಟೆಯಾಗಿ ಮೇಲೆ ಹರಡಿಕೊಂಡಿತು. ಬಾಯಿಗೆ ತೆಳುವಾದ ನೀಲಿ ರಬ್ಬರ್ ಹಾಳೆ ಹೊದಿಸಿದರು, ಅದರ ನಡುವಿನ ಒಂದು ತೂತಿನಿಂದ ಅವಳ ಹಲ್ಲು ಹೊರಗೆ ಬಂತು. ಡಾಕ್ಟರ ಕನ್ನಡಕದಲ್ಲಿ ಅದು ಪುಟ್ಟದಾಗಿ ಕಂಡಿತು. ಅಯ್ಯೋ, ಕಾಜದಿಂದ ಗುಂಡಿ ಬಂದಿದೆ ಅಂದುಕೊಂಡಳು. ತಂಗಿ ಇದ್ದಿದ್ದರೆ ಕಾಜದ ಅಂಚು ನೀಟಾಗಿಲ್ಲ ಅಂತ ತಪ್ಪು ಹುಡುಕುತ್ತಿದ್ದಳು.

ಡ್ರಿಲ್ಲು ಶುರುವಾಯಿತು. ಆ ಗುಂಯ್ ಸದ್ದಿನಲ್ಲಿ ಅಕ್ಕ ತೇಲಿಹೋದಳು. ಎಲ್ಲಾ ದೂರ, ಎಲ್ಲಾ ಮೆತ್ತಗೆ. ಹನ್ನೆರಡನೆಯ ವಯಸ್ಸಿನಲ್ಲಿ ಹೊಲಿದ ಮೊದಲ ಪರದೆ ಗಾಳಿಗೆ ಉಬ್ಬುತ್ತಿತ್ತು, ಅದರ ಹಿಂದೆ ಅವ್ವ ನಿಂತಿದ್ದಳು, ಒಂದು ಬದಿ ಕಾಲಿಂಚು ಗಿಡ್ಡ ಅಂತ ನಗುತ್ತಿದ್ದಳು. ಸದ್ದು ನಿಂತಿತು.

"ನೋವಾಯ್ತಾ?"

ಅಕ್ಕ ಕಣ್ಣು ಬಿಟ್ಟಳು. ಎಡಗೈ ಗಾಳಿಯಲ್ಲಿತ್ತು. ಇಲ್ಲವೆಂದು ಕೈಯಾಡಿಸಿದಳು. ಮತ್ತೆ ಸದ್ದು, ಮತ್ತೆ ಪರದೆ, ಮತ್ತೆ ಕೈ ಮೇಲೆದ್ದಿತ್ತು. ಮಿಷನ್ನಿನ ಸದ್ದಾದರೆ ಎಡಗೈ ಬಟ್ಟೆ ದೂಡಬೇಕು, ಮೂವತ್ತೊಂದು ವರ್ಷ ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಕೆಳಗೆ ಬಲಗಾಲು ಬೇರೆ ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಮೂರು ಸಲ ಹೀಗಾಯಿತು, ಮೂರು ಸಲವೂ ಡಾಕ್ಟರು ನಿಲ್ಲಿಸಿದಳು, ಒಮ್ಮೆಯೂ ಹುಬ್ಬು ಗಂಟಿಕ್ಕಲಿಲ್ಲ. ನಾಲ್ಕನೆಯ ಸಲ ಮಾತ್ರ ಕೈ ನಿಜವಾಗಿ ಎದ್ದಿತು, ಒಳಗೆ ಎಲ್ಲೋ ಚುರುಕ್ ಅಂತು.

"ಹತ್ತರಲ್ಲಿ ಎಷ್ಟು ನೋವು? ಬೆರಳಲ್ಲಿ ತೋರ್ಸಿ."

ಅಕ್ಕ ಮೂರು ಬೆರಳು ಎತ್ತಿ, ನಾಲ್ಕನೆಯದನ್ನು ಮಡಚಿ ಒಂದು ಗೆಣ್ಣು ಮಾತ್ರ ತೋರಿಸಿದಳು. ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರೂಕಾಲು! ಮಾಸ್ಕಿನೊಳಗೇ ನಕ್ಕು, ಇನ್ನೊಂದಿಷ್ಟು ಮದ್ದು ಕೊಟ್ಟು, ಕಾದು, ಆಮೇಲೆ ಮುಂದುವರಿದಳು. ಹಲ್ಲು ತುಂಬಿಯೇ ಮುಗಿಯಿತು, ಆರು ಕೋಟಿನ ಕೂಲಿ ಉಳಿಯಿತು.

ಹೊರಡುವಾಗ ಮುಂದಿನ ಮೇಜಿನವಳು ಒಂದು ಕಾರ್ಡು ಕೊಟ್ಟಳು. "ನಮ್ಮ ಬಗ್ಗೆ ರಿವ್ಯೂ ಬರೀರಿ, ಸ್ಟಾರ್ ತುಂಬಿ." ಜೋಮು ಹಿಡಿದ ಬಾಯಿಗೆ ವಾದ ಮಾಡಲಾಗದೆ ಅಕ್ಕ ಐದೂ ಸ್ಟಾರ್ ತುಂಬಿ, 'ತುಂಬಾ ಚೆನ್ನಾಗಿದೆ, ನೋವೇ ಇಲ್ಲ' ಅಂತ ಬರೆದು, ತಂಗಿಗೆ ತೋರಿಸಲು ಅಂಗಡಿಗೇ ತಂದಳು.

ತಂಗಿ ಕಾರ್ಡನ್ನು ಓದಿದಳು. ಊದಿದ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು, ಮೆಲ್ಲಗೆ ಕೇಳಿದಳು, "ಇರುವೆನಾ?"

ಅಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಾಚಿಕೆಯಿಂದ ಸತ್ತೇಹೋದಳು. ಮತ್ತೆ ಅದೇ ಸುಳ್ಳನ್ನೇ ಹೇಳಿದ್ದಳಲ್ಲ, ಅದೂ ಪ್ರೀತಿಯ ಹೆಸರಿನಲ್ಲಿ. ಎದ್ದು ಅಳತೆ ಪುಸ್ತಕ ತೆಗೆದಳು. ಆ ಪುಸ್ತಕದಲ್ಲಿ ಅವಳು ಇಂದಿನವರೆಗೆ ಸುಳ್ಳು ಬರೆದವಳಲ್ಲ. ಬೀದಿಯ ದಪ್ಪ ಸೊಂಟದವರೆಲ್ಲ ಒಂದಿಂಚು ಕಡಿಮೆ ಬರಿ ಅಂತ ಗೋಗರೆದರೂ ಬರೆದಿರಲಿಲ್ಲ. ತಂಗಿಯ ಪುಟ ತೆಗೆದು, ಭುಜ, ತೋಳು, ಸೊಂಟದ ಅಳತೆಗಳ ಕೆಳಗೆ, ಕಿವಿಯ ಹಿಂದಿನ ಪೆನ್ಸಿಲಿನಿಂದ ನಿಧಾನವಾಗಿ ಬರೆದಳು.

ವಿವರಣೆ: ಎಕ್ಸ್‌ರೇ ತೋರಿಸಿ ಹೇಳುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುತ್ತಾರೆ. ಕಾಯಿಸಿದ್ದು ಮುಕ್ಕಾಲು ಗಂಟೆ.

ಖರ್ಚು: ಮೊದಲೇ ಬರೆದು ಕೊಟ್ಟರು, ಅಷ್ಟೇ ತೆಗೆದುಕೊಂಡರು. ನೋಡಿದ ಫೀಸು ಮಾತ್ರ ಚೀಟಿಯಲ್ಲಿ ಇರಲಿಲ್ಲ, ಅದು ಬೇರೆ.

ಸ್ವಚ್ಛತೆ: ಒಂದು ತಪ್ಪು. ಗ್ಲೌಸಲ್ಲಿ ಫೋನು ಮುಟ್ಟಿದರು. ಹೇಳಿದ ಮೇಲೆ ಬದಲಾಯಿಸಿದರು. ಉಳಿದದ್ದು ಸರಿ.

ನೋವು: ಸೂಜಿ 2. ಡ್ರಿಲ್ಲು 3¼, ಒಂದೇ ಸಲ. ನಿನ್ನದು ಕೀವಾದ ಹಲ್ಲು, ಜೋಮಿನ ಮದ್ದು ಅಷ್ಟಾಗಿ ಹಿಡಿಯದಿರಬಹುದು ಅಂದರು ಡಾಕ್ಟರು, ಅದಕ್ಕೆ ಹೆಚ್ಚಿಗೆ ಮಾರ್ಜಿನ್ 2. ಇರುವೆ ಅಲ್ಲ. ಸುಮ್ಮಸುಮ್ಮನೆ ಮೂರು ಸಲ ಕೈ ಎತ್ತಿದೆ, ಮೂರು ಸಲವೂ ನಿಲ್ಲಿಸಿದರು.

ಪೆನ್ಸಿಲು ಅಲ್ಲೇ ನಿಂತಿತು. ಆಮೇಲೆ ಇನ್ನೊಂದು ಸಾಲು ಬರೆದಳು: ಯಾರೂ ಕೈ ಹಿಡಿಯುವುದಿಲ್ಲ.

ತಂಗಿ ಆ ಪುಟವನ್ನು ಮೇಲಿನಿಂದ ಓದಿದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ನಾಳೆ ಕ್ಲಿನಿಕ್ಕು ಎಷ್ಟು ಹೊತ್ತಿಗೆ ತೆಗೀತಾರೆ?" ಅಂದಳು.

ಮಾರನೆಯ ದಿನ ಅದೇ ಕುರ್ಚಿ ತಂಗಿಯನ್ನು ಹೊತ್ತು ಹಿಂದಕ್ಕೆ ಬಾಗಿತು. ಹಲ್ಲಿನ ಒಳದಾರಿ ತೆರೆದು ಕೀವು ಹೊರಗೆ ಬಿಡಬೇಕು, ಇವತ್ತೇ ಎಲ್ಲಾ ಮುಗಿಯುವುದಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದಳು. ಅಕ್ಕ ಬಾಗಿಲ ಬಳಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಸೂಜಿ ಹತ್ತಿರ ಬಂದದ್ದೇ ತಂಗಿ ಎಡಗೈ ಎತ್ತಿದಳು. ಡಾಕ್ಟರು ನಿಲ್ಲಿಸಿದಳು.

"ಇನ್ನೂ ಮುಟ್ಟೇ ಇಲ್ಲ, ನೋವಾಯ್ತಾ?"

"ಇಲ್ಲ. ನಿಲ್ಲಿಸ್ತೀರಾ ಅಂತ ನೋಡ್ದೆ" ಅಂದಳು ತಂಗಿ. ಆಮೇಲೆ ಕತ್ತು ತಿರುಗಿಸದೆಯೇ ಬಲಗೈಯನ್ನು ಬಾಗಿಲ ಕಡೆಗೆ ಚಾಚಿದಳು. "ಅಕ್ಕಾ, ಎತ್ತೋ ಕೈ ಎಡಗೈ. ಈ ಕೈ ಖಾಲಿ ಇದೆ."

ಅಕ್ಕ ಹೋಗಿ ಹಿಡಿದುಕೊಂಡಳು. ಎಳೆದರೆ ಬಿಟ್ಟು ಬರುವ ಹಾಗೆ, ಕಾಲಿಂಚು ಸಡಿಲ ಬಿಟ್ಟು ಹಿಡಿದಳು.