ಸೀಮೆಸುಣ್ಣದ ಚೌಕದಲ್ಲಿ ಮೇಷ್ಟ್ರು

ಆವತಿಯ ಬಳಿಯ ಆ ಹಳ್ಳಿಯನ್ನು ಬಳ್ಳಾರಿ ರಸ್ತೆ ಎರಡು ಹೋಳು ಮಾಡಿತ್ತು. ಮನೆಗಳು ಆಚೆ, ಶಾಲೆ ಈಚೆ. ಒಂಟಿ ಜೀವಿಯಾದ ಕೋದಂಡರಾಮಯ್ಯ ಮೇಷ್ಟ್ರು ದಿನಾ ಬೆಳಿಗ್ಗೆ ಕೊಡೆಯೂರಿ ಶಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೊನೆಯ ಮಗು ರಸ್ತೆ ದಾಟುವವರೆಗೆ ಅವರ ಉಸಿರು ಅರ್ಧಕ್ಕೇ ನಿಂತಿರುತ್ತಿತ್ತು.

ಎರಡನೇ ಮಹಾಯುದ್ಧ ಬಂದ ಮೇಲೆ ಮಿಲಿಟರಿ ಲಾರಿಗಳು ಸಾಲುಗಟ್ಟಿ ಓಡತೊಡಗಿದವು. ಒಂದು ದಿನ ಲಕ್ಕಮ್ಮಜ್ಜಿಯ ಮೇಕೆ ಚಕ್ರಕ್ಕೆ ಸಿಕ್ಕಿ ಸತ್ತಿತು. ಸಂಜೆಗೆ ಊರಿನ ಹಿರಿಯ ಅಪ್ಪಯ್ಯಣ್ಣ ಶಾಲೆಗೇ ಬಂದ.

"ಮೇಷ್ಟ್ರೇ, ಇವತ್ತು ಮೇಕೆ, ನಾಳೆ ಮಗ. ನಮ್ ಐಕ್ಳು ಇನ್ ಮನೇಲೇ ಇರ್ಲಿ ಬುಡಿ."

"ಒಂದೇ ದಿನ ಕೊಡು ಅಪ್ಪಯ್ಯಣ್ಣ. ದಾಟೋದು ಕಲಿಸ್ತೀನಿ. ನೀನೇ ಬಂದು ನೋಡು."

"ದಾಟೋದ್ನೂ ಕಲೀಬೇಕಾ? ಕಾಲಿಲ್ವಾ?"

"ಕಾಲಿತ್ತಲ್ಲಪ್ಪ, ಮೇಕೆಗೆ ನಾಲ್ಕಿತ್ತು."

ಅಪ್ಪಯ್ಯಣ್ಣ ಪೇಟ ಸರಿಮಾಡಿಕೊಂಡ. "ಆಯ್ತು, ನಾಳೆ ಬರ್ತೀನಿ. ಮನಸ್ಸಿಗೆ ಒಪ್ಪದಿದ್ರೆ ಶಾಲೆ ಮುಚ್ಕೊಳ್ಳಿ," ಎಂದು ಹೋದ.

ಮರುದಿನ ಮೇಷ್ಟ್ರು ಶಾಲೆಯ ಮುಂದಿನ ಚಪ್ಪಡಿಗಳ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ ಬರೆದರು. ಅದಕ್ಕೆ ಅಡ್ಡವಾಗಿ ಇನ್ನೊಂದು ರಸ್ತೆ, ನಡುವೆ ಚೌಕ. ಎಚ್ಚರಿಕೆಯ ಫಲಕಕ್ಕೆ ಕೆಂಪು ತ್ರಿಕೋನ ಬೇಕಿತ್ತು. ಯುದ್ಧಕಾಲದಲ್ಲಿ ಬಣ್ಣದ ಸೀಮೆಸುಣ್ಣ ಎಲ್ಲಿಂದ ಬರಬೇಕು? ಸರಸ್ವತಿ ಪಟದ ಮುಂದಿನ ಕುಂಕುಮವನ್ನೇ ತುಂಬಿದರು. ಮೊರ ಹಿಡಿದು ಬುರ್ರೆನ್ನುವ ಮಕ್ಕಳೇ ಲಾರಿಗಳು. ಮೇಷ್ಟ್ರು ತಾವೇ ಪೊಲೀಸ್. ಬೆಂಗಳೂರಿನ ಪೊಲೀಸರಂತೆ ತಲೆಗೆ ಕೆಂಪು ವಸ್ತ್ರ ಸುತ್ತಿ, ಚೌಕದ ನಡುವೆ ನಿಂತು, ಅಂಗೈ ಮುಂದೆ ಮಾಡಿ ಬಲಗೈ ಎತ್ತಿದರು.

"ಕೈ ಹೀಗಿದ್ರೆ ಮುಂದಿಂದ ಬರೋ ಗಾಡಿ ನಿಲ್ಬೇಕು. ನಿಂತಿದ್ದು ನೋಡ್ಕೊಂಡ್ಮೇಲೇ ನೀವು ದಾಟ್ಬೇಕು."

ಆ ಹೊತ್ತಿಗೇ ಅಪ್ಪಯ್ಯಣ್ಣನ ಹಿಂದೆ ಊರಿನ ಹೆಂಗಸರೂ ಬಂದರು. ಕಂಡಿದ್ದೇನು? ನಾಲ್ಕು ದಾರಿ ಕೂಡುವ ಚೌಕ, ಬಿಳಿ ಗೆರೆ, ಕುಂಕುಮದ ತ್ರಿಕೋನ, ಕೆಂಪು ವಸ್ತ್ರ ಸುತ್ತಿ ಕೈಯೆತ್ತಿ ಮಿಸುಕದೆ ನಿಂತ ಮೇಷ್ಟ್ರು.

ಲಕ್ಕಮ್ಮಜ್ಜಿ ಅಲ್ಲೇ ಅಡ್ಡಬಿದ್ದಳು. "ಅಮ್ಮಾ! ಯಾರು ತಾಯಿ ನೀನು? ಮೇಷ್ಟ್ರ ಮೈಮ್ಯಾಲೆ ಯಾಕ್ ಬಂದೆ?"

"ಏಳಮ್ಮ, ನಾನು ಪೊಲೀಸ್!"

"ಪೋಲೀಸಮ್ಮ!" ಅಜ್ಜಿ ಹಿಂದಕ್ಕೆ ತಿರುಗಿ ಸಾರಿದಳು. "ಹೊಸ ತಾಯಿ ಕಣ್ರೇ, ಹೆಸರೂ ಹೇಳ್ಬಿಟ್ಲು!"

ಮೇಷ್ಟ್ರಿಗೆ ಕೈ ಇಳಿಸಬೇಕೆನಿಸಿತು. ಆದರೆ ಇಳಿಸಿದರೆ ಮೊರದ ಲಾರಿಗಳು ಅಜ್ಜಿಯ ಮೇಲೇ ನುಗ್ಗುತ್ತವೆ, ಅಪ್ಪಯ್ಯಣ್ಣನ ಮುಂದೆ ಪಾಠ ಕೆಡುತ್ತದೆ. ಹಾಗೇ ನಿಂತರು.

"ನನ್ ಮೇಕೆ ಯಾಕ್ ತಿಂದೆ ತಾಯಿ?"

"ಅದು ಬಲಕ್ಕೆ ನೋಡ್ಲಿಲ್ಲ!" ಮೇಷ್ಟ್ರಿಗೆ ರೇಗಿತು. "ಅಂಚಲ್ಲಿ ನಿಲ್ಲು. ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು. ಗಾಡಿ ಇಲ್ದಿದ್ರೆ ನೇರ ನಡಿ. ಓಡ್ಬೇಡ!"

ಗುಡಿಯಲ್ಲಿ ಅಪ್ಪಣೆಯಾದಂತೆ ಎಲ್ಲರೂ ಗೆರೆಯಂಚಿಗೆ ಬಂದು ನಿಂತರು. ಬಲ, ಎಡ, ಮತ್ತೆ ಬಲ. ಅಪ್ಪಯ್ಯಣ್ಣನೂ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಕತ್ತು ತಿರುಗಿಸಿದ. ಸೀಮೆಸುಣ್ಣದ ರಸ್ತೆಯನ್ನು ಊರೇ ದಾಟಿತು, ಒಬ್ಬರೂ ಓಡಲಿಲ್ಲ. ಮಕ್ಕಳು ಮೊರ ಹಿಡಿದು ಗಂಭೀರವಾಗಿ ಕಾದರು.

ಮೇಷ್ಟ್ರು ತಲೆಯ ವಸ್ತ್ರ ಬಿಚ್ಚಿದರು. "ದೇವರಲ್ಲ, ನಾನು ಕೋದಂಡರಾಮಯ್ಯ. ಇದು ಬರೀ ಪಾಠ. ಕೇಳಿ..."

"ಇಳಿದ್ಹೋಯ್ತು," ಎಂದು ಅಪ್ಪಯ್ಯಣ್ಣ ಮೆಲ್ಲಗೆ ಹೇಳಿ ಅವರಿಗೆ ನೀರು ಕೊಡಿಸಿದ. "ದಣಿದವ್ರೆ ಪಾಪ. ಐಕ್ಳು ನಾಳೆಯಿಂದ ಬರ್ತವೆ ಮೇಷ್ಟ್ರೇ. ತಾಯೇ ಕಾಯ್ತಾಳಲ್ಲ."

ಆ ರಾತ್ರಿಯೆಲ್ಲ ಮೇಷ್ಟ್ರನ್ನು ನಾಚಿಕೆ ಕಾಡಿತು. ಬೆಳಕಾದಾಗ ರಸ್ತೆಬದಿಯಲ್ಲಿ ನಿಜವಾದ ಫಲಕವನ್ನೇ ನೆಟ್ಟರು: ಮೇಲೆ ಕೆಂಪು ತ್ರಿಕೋನ, ಕೆಳಗೆ 'ಶಾಲೆ ಇದೆ, ನಿಧಾನ'. ಓದಲು ಬರುವವರಿಗಾದರೂ ಸತ್ಯ ತಿಳಿಯಲಿ ಎಂದುಕೊಂಡರು.

ಎರಡೇ ದಿನದಲ್ಲಿ ಫಲಕಕ್ಕೆ ಅರಿಶಿನ ಬಿತ್ತು, ಕಣಗಿಲೆ ಹಾರ ಬಿತ್ತು. ಬುಡದಲ್ಲಿ ಒಂದು ದೀಪವೂ ಬಂತು. ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಒರೆಸಲು ಹೊರಟರು.

ಅಷ್ಟರಲ್ಲಿ ಮಿಲಿಟರಿ ಲಾರಿಗಳ ಸಾಲು ಬಂತು. ಯಾವ ಯಾವ ಸೀಮೆಯ ಡ್ರೈವರುಗಳೋ, ಕನ್ನಡ ಓದಲಾರದವರು. ಮುಂದಿನವನು ಹಾರ ಹಾಕಿದ ಕೆಂಪು ತ್ರಿಕೋನ ಕಂಡು ವೇಗ ತಗ್ಗಿಸಿ, ಒಂದು ಕೈ ಎದೆಗೆ ಮುಟ್ಟಿಸಿಕೊಂಡ. ಹಿಂದಿನವನೂ ಹಾಗೇ ಮಾಡಿದ. ಸಾಲೆಲ್ಲ ಎತ್ತಿನ ಗಾಡಿಯಂತೆ ತೆವಳಿ ಹೋಯಿತು. ಆಚೆ ಅಂಚಿನಲ್ಲಿ ಮಕ್ಕಳು ಕಾದು ನಿಂತಿದ್ದರು. ರಸ್ತೆ ಖಾಲಿಯಾದ ಮೇಲೆ ಬಲ, ಎಡ, ಮತ್ತೆ ಬಲ ನೋಡಿ ನೇರವಾಗಿ ನಡೆದು ಬಂದರು.

ಕೊನೆಯ ಮಗು ಈಚೆ ಮುಟ್ಟಿದಾಗ ಮೇಷ್ಟ್ರ ಉಸಿರು ಪೂರ್ತಿ ಹೊರಬಂತು. ಅವರು ಒದ್ದೆ ಬಟ್ಟೆಯನ್ನು ಹಿಂಡಿ, ದೀಪದ ಸುತ್ತ ಚೆಲ್ಲಿದ್ದ ಎಣ್ಣೆಯನ್ನಷ್ಟೇ ಒರೆಸಿದರು.