ಸುಣ್ಣದ ವಿಡಿಯೋದ ಟೈಟಲ್

ಮೂಡಿಗೆರೆಯ ನಮ್ಮ ಗೊಬ್ಬರದಂಗಡಿಯಲ್ಲೇ ಕೂತು ಅಣ್ಣ, ನಾನು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೆವು. ಕಾಫಿ ರೇಟಿನ ವಿಡಿಯೋಗೆ ತಾರೀಕು ಹಾಕುತ್ತಿದ್ದೆವು. ಅದು ಎರಡು ದಿನ ಓಡಿ ನಿಲ್ಲುತ್ತಿತ್ತು. ಕಾಫಿಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವುದನ್ನು ತೋರಿಸಿದ ವಿಡಿಯೋವನ್ನು ಮಾತ್ರ ಜನ ಪ್ರತಿ ಮಳೆಗಾಲಕ್ಕೆ ಮುಂಚೆ ಹುಡುಕಿಕೊಂಡು ಬರುತ್ತಿದ್ದರು.

ರೇಟು ಏರಿದ ವರ್ಷ ಅಣ್ಣ, "ಆ ಹಳೇ ವಿಡಿಯೋ ಟೈಟಲ್‌ಗೂ ಕಾಫಿ ರೇಟ್ ಅಂತ ಸೇರ್ಸು, ಜನ ಬರ್ತಾರೆ" ಎಂದ.

"ಬರ್ತಾರೆ, ಸುಣ್ಣದ ಬಕೆಟ್ ನೋಡಿ ವಾಪಸ್ ಹೋಗ್ತಾರೆ. ನಾನು ಸೇರ್ಸಲ್ಲ."

"ಹಾಗಾದ್ರೆ ಹಳೇ ಟೈಟಲ್ ಮುಟ್ಟೋದೇ ಬೇಡ್ವ ಮಾರಾಯ್ತಿ?"

ಮುಟ್ಟಬಹುದು, ಕಾರಣ ಬೇಕು. ಚಾನೆಲ್ಲಿನಲ್ಲಿ ಆ ವಿಡಿಯೋದ ಅಂಕಿಅಂಶ ತೆರೆದೆ. ಹುಡುಕಿದವರಿಗೆ ವಿಡಿಯೋ ಮೊದಲಿನಷ್ಟೇ ಕಾಣಿಸುತ್ತಿತ್ತು, ಒತ್ತಿ ನೋಡುವವರು ಮಾತ್ರ ಕಡಿಮೆಯಾಗಿದ್ದರು. ಟೈಟಲ್ಲಿನಲ್ಲಿ ಹಳೇ ಇಸವಿ ಕೂತಿತ್ತು. ಜನ ಟೈಪ್ ಮಾಡುತ್ತಿದ್ದದ್ದು, 'ಮೈಲುತುತ್ತಕ್ಕೆ ಸುಣ್ಣ ಎಷ್ಟು' ಎಂದು. ಇಸವಿ ತೆಗೆದು ಆ ಪ್ರಶ್ನೆಯನ್ನೇ ಟೈಟಲ್ ಮಾಡಿದೆ; ವಿವರಣೆಯ ಮೊದಲ ಸಾಲಿನಲ್ಲೂ ಅದನ್ನೇ ಬರೆದೆ. "ರೇಟ್ ಅಂತ ಹಾಕಿದ್ರೆ ಚೆನ್ನಾಗಿತ್ತು" ಎಂದು ಅಣ್ಣ ಗೊಣಗಿದ.

ಔಷಧಿ ಹೊಡೆಯುವ ಕಾಲ ಬಂತು. ಮಲ್ಲಂದೂರು ಕಡೆಯ ಬೆಳೆಗಾರರೊಬ್ಬರು ಅಂಗಡಿಗೆ ಬಂದು, "ಇವ್ರು ಹೇಳಿದಷ್ಟು ಸುಣ್ಣ ಕೊಡಿ" ಎಂದು ಫೋನು ಮುಂದೆ ಹಿಡಿದರು. ಅದರಲ್ಲಿ ನಮ್ಮ ಹೊಸ ಟೈಟಲ್ಲಿನ ವಿಡಿಯೋ; ಮಾತಾಡುತ್ತಿದ್ದವನು ಅಣ್ಣನೇ.

ಅವನು ಸುಣ್ಣ ತೂಗಿ ಕೊಟ್ಟ. ಅವರು ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದ, "ಸುಣ್ಣದ್ದು ಬದಲಾಯ್ಸಿದ್ದು ಸರಿ. ಹಳೇ ರೇಟಿನ ವಿಡಿಯೋ ಟೈಟಲ್ ಮಾತ್ರ ಮುಟ್ಬೇಡ. ಅದರ ಕಾಲ ಮುಗೀತು."