ಒಳಗೆರೆಯ ಓಟ

ಟ್ರ್ಯಾಕಿನ ಒಳಗಿನ ಸುಣ್ಣದ ಗೆರೆ ಬಿಡಬೇಡ, ಹೊರಗೆ ಹೋದಷ್ಟೂ ದೂರ ಜಾಸ್ತಿ ಎಂದು ನಮ್ಮ ಕೋಚ್ ಹೇಳಿದ್ದರು. ವಾಮಂಜೂರಿನ ಗದ್ದೆಬದಿಯಲ್ಲಿ ಒಬ್ಬನೇ ಓಡಿ ಕಲಿತವನು ನಾನು. ಪಕ್ಕದಲ್ಲೊಬ್ಬ ಓಡುತ್ತಿದ್ದರೆ ಏನಾಗುತ್ತದೆಂದು ಯೋಚಿಸಿಯೇ ಇರಲಿಲ್ಲ.

ಮಂಗಳೂರಿನ ಕಾಲೇಜು ಕ್ರೀಡಾಕೂಟದಲ್ಲಿ ಸಾವಿರದ ಐನೂರು ಮೀಟರ್ ಓಟ ನಿಧಾನಕ್ಕೆ ಶುರುವಾಯಿತು. ಯಾರಿಗೂ ಮುಂದೆ ಹೋಗುವ ಮನಸ್ಸಿಲ್ಲ, ಎಲ್ಲರೂ ಗುಂಪಾಗಿಯೇ ಓಡಿದೆವು. ನಾನು ಗೆರೆಗೆ ಅಂಟಿಕೊಂಡು ಮೂರನೆಯವನಾಗಿದ್ದೆ. ಕಾಲಲ್ಲಿ ಶಕ್ತಿ ತುಂಬಿತ್ತು.

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ತಿರುವು ದಾಟುತ್ತಲೇ ಮುಂಚೂಣಿಯವನು ಒಮ್ಮೆಲೇ ವೇಗ ಹೆಚ್ಚಿಸಿದ. ನನ್ನೆದುರಿನವನಿಗೆ ಅದು ಆಗಲಿಲ್ಲ, ಅವನು ಸೋತು ನಿಧಾನವಾದ. ಹಿಂದಿದ್ದ ಇಬ್ಬರು ಹೊರಗಿನಿಂದ ನಮ್ಮನ್ನು ದಾಟಿ ಮುಂಚೂಣಿಯವನ ಬೆನ್ನು ಹತ್ತಿದರು. ಬಲಕ್ಕೆ ಹೊರಳೋಣವೆಂದರೆ ಜೆಪ್ಪುವಿನ ಹುಡುಗನೊಬ್ಬ ನನ್ನ ಭುಜಕ್ಕೆ ಭುಜ ತಾಗಿಸಿ ಓಡುತ್ತಿದ್ದ. ಹಿಂದೆ ಸರಿದು ಸುತ್ತಿ ಬರೋಣವೆಂದರೆ ಹಿಂದಿನವನ ಮುಳ್ಳಿನ ಸ್ಪೈಕ್ಸ್ ಶೂ ನನ್ನ ಹಿಮ್ಮಡಿ ತುಳಿಯಿತು. ಪಕ್ಕದವನನ್ನು ತಳ್ಳಿದರೆ ಓಟದಿಂದಲೇ ಹೊರಗೆ ಹಾಕುತ್ತಾರೆ. ಮುಂದೆ ಮೂವರು ದೂರವಾಗುವುದನ್ನು ನೋಡುತ್ತಾ ಆ ಸೋತವನ ಬೆನ್ನ ಹಿಂದೆಯೇ ಓಡಿದೆ.

ಕೊನೆಯ ನೇರ ದಾರಿಯಲ್ಲಿ ಜಾಗ ಸಿಕ್ಕಿತು. ಸಿಕ್ಕಿದ ಕೂಡಲೇ ನುಗ್ಗಿ ಇಬ್ಬರನ್ನು ದಾಟಿದೆ. ಅಷ್ಟರಲ್ಲಿ ಮೊದಲ ಮೂವರು ಮುಕ್ತಾಯದ ಗೆರೆ ಮುಟ್ಟಿಯಾಗಿತ್ತು.

ಆ ಮೂವರೂ ಮಣ್ಣಿನ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದರು. ಕೋಚ್ ಹತ್ತಿರ ಬಂದು ನನ್ನ ಎದೆಯ ಮೇಲೆ ಅಂಗೈಯಿಟ್ಟರು.

"ಎಂತ ಮಾರಾಯ, ನಿನಗೆ ಇನ್ನೂ ಉಸಿರು ಉಂಟಲ್ಲ," ಎಂದರು.